ವಾರದ ಪ್ರಾಜೆಕ್ಟ್ ರಿವ್ಯೂ ಮೀಟಿಂಗಿಗೆ ಅಜೆಂಡಾ, ಮಿನಿಟ್ಸ್ ಬರೆಯೋ ಅಭ್ಯಾಸ: ಹಾಸ್ಟೆಲ್ ಮಳೆನೀರಿನ ಕೇಸ್ ಇಟ್ಕೊಂಡು ಹಂತ ಹಂತವಾಗಿ

ಕಮ್ಯುನಿಕೇಶನ್ ಕೋರ್ಸಲ್ಲಿ ಈ ಅಭ್ಯಾಸ ಕೊಟ್ಟಾಗೆಲ್ಲ ನಾನು ತಿದ್ದೋ ಪೇಪರ್‌ಗಳಲ್ಲಿ ಒಂದೇ ಥರದ ತಪ್ಪು ಬರತ್ತೆ. ಫಾರ್ಮ್ಯಾಟ್ ನೀಟಾಗಿರತ್ತೆ, ಮೇಲೆ ದಿನಾಂಕ, ಸ್ಥಳ, ಹಾಜರಿದ್ದವರು ಎಲ್ಲ ಇರತ್ತೆ, ಆದ್ರೆ ಓದಿ ಮುಗಿಸಿದ್ಮೇಲೆ ಮುಂದಿನ ವಾರದೊಳಗೆ ಯಾರು ಏನು ಮಾಡ್ಬೇಕು ಅನ್ನೋದು ಗೊತ್ತಾಗಲ್ಲ. ಅದಕ್ಕೆ ಇಲ್ಲಿ ಫಾರ್ಮ್ಯಾಟ್ ಬಗ್ಗೆ ಕಮ್ಮಿ ಹೇಳ್ತೀನಿ, ಮಾತನ್ನ ಬರಹ ಮಾಡೋ ಹೊತ್ತಲ್ಲಿ ಕನ್ನಡದಲ್ಲಿ ಎಲ್ಲೆಲ್ಲಿ ಜಾರತ್ತೆ ಅನ್ನೋದನ್ನ ಜಾಸ್ತಿ ಹೇಳ್ತೀನಿ. ನಿಮ್ಮ ಕಾಲೇಜಲ್ಲಿ ಇಂಗ್ಲಿಷಲ್ಲೇ ಬರೀರಿ ಅಂದ್ರೂ ಮೀಟಿಂಗಲ್ಲಿ ಮಾತಾಡೋದು ಕನ್ನಡದಲ್ಲೇ ತಾನೆ, ಜಾರೋ ಜಾಗಗಳು ಅವೇ.

ಮೊದಲು ಕೇಸ್ ಹೇಳ್ಬಿಡ್ತೀನಿ. ಹೆಸರುಗಳೆಲ್ಲ ಅಭ್ಯಾಸಕ್ಕೆ ಅಂತ ಇಟ್ಕೊಂಡಿದ್ದು. ನಾಲ್ಕು ಜನ ಸ್ಟೂಡೆಂಟ್ಸ್: ಸಹನಾ (ಟೀಮ್ ಲೀಡರ್), ಕಿರಣ್, ಫಾತಿಮಾ, ನಾಗರಾಜ್. ಪ್ರಾಜೆಕ್ಟು ಹಾಸ್ಟೆಲ್ ಟೆರೇಸಿನ ಮಳೆನೀರು ಹಿಡಿದು ಬಟ್ಟೆ ಒಗೆಯೋಕೆ, ಟಾಯ್ಲೆಟ್ಟಿಗೆ ಬಳಸೋದು. ಏಪ್ರಿಲ್, ಮೇ ಮಳೆ ಶುರುವಾಗೋಕೆ ಮುಂಚೆ ಪೈಪ್ ಕೂತಿರ್ಬೇಕು. ಪ್ರತಿ ಗುರುವಾರ 4 ಗಂಟೆಗೆ ಗೈಡ್ ಮೇಡಂ ಜೊತೆ 45 ನಿಮಿಷದ ರಿವ್ಯೂ. ನಾವು ಬರೆಯೋದು 6ನೇ ವಾರದ್ದು, 6-3-2025 ಗುರುವಾರ. ಆವತ್ತು ಹಾಸ್ಟೆಲ್ ವಾರ್ಡನ್ ಸರ್‌ನೂ ಕರೆದಿದಾರೆ. ನಾಗರಾಜ್ ಆ ದಿನ ಬಂದಿಲ್ಲ.

ಅಭ್ಯಾಸದಲ್ಲಿ ಎರಡು ಭಾಗ. ಮೊದಲನೇ ಭಾಗದಲ್ಲಿ ಹಿಂದಿನ ವಾರದ ಮಿನಿಟ್ಸ್ ಕೊಟ್ಟು ಈ ವಾರದ ಅಜೆಂಡಾ ಬರೀರಿ ಅಂತಾರೆ, ಅದು ಅರ್ಧ ಪುಟ ದಾಟ್ಬಾರ್ದು. ಎರಡನೇ ಭಾಗದಲ್ಲಿ ಮೀಟಿಂಗಲ್ಲಿ ನಡೆದ ಮಾತು ಹಾಗ್ಹಾಗೇ ಕೊಟ್ಟು ಮಿನಿಟ್ಸ್ ಬರೀರಿ ಅಂತಾರೆ, ಅದು ಒಂದು ಪುಟ.

ಹಂತ 1: ಹಿಂದಿನ ವಾರದ ಕೆಲಸಗಳ ಪಟ್ಟಿ ಮುಂದಿಟ್ಕೊಳ್ಳಿ

ಅಜೆಂಡಾ ಅಂದ ತಕ್ಷಣ ಖಾಲಿ ಹಾಳೆ ತಗೊಂಡು "1. ಸ್ವಾಗತ" ಅಂತ ಶುರು ಮಾಡ್ಬೇಡಿ. ಊರಿನ ಸಹಕಾರ ಸಂಘದ ಸಭೆ ನೋಟಿಸ್ ನೋಡಿದೀರಲ್ಲ, ಅದರಲ್ಲಿ ಮೊದಲ ವಿಷಯ "ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು" ಅಂತಿರತ್ತೆ, ಕೊನೇದು "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು". ಆ ಮೊದಲ ಸಾಲಿನ ಹಿಂದಿರೋ ಯೋಚನೆ ನಮಗೂ ಬೇಕು, ಹಿಂದಿನದನ್ನ ಮುಗಿಸದೆ ಮುಂದಿನದಕ್ಕೆ ಹೋಗ್ಬಾರ್ದು ಅಂತ. ಆದ್ರೆ ವಾರದ ಮೀಟಿಂಗಲ್ಲಿ ನಡಾವಳಿ ಪೂರ್ತಿ ಓದ್ತಾ ಕೂತ್ರೆ ಹತ್ತು ನಿಮಿಷ ಅಲ್ಲೇ ಹೋಗತ್ತೆ. ನಾವು ಬರೀ ಕೆಲಸಗಳ ಪಟ್ಟಿ ಓದ್ತೀವಿ.

ನಮ್ಮ ಕೇಸಲ್ಲಿ 27-2-2025ರ ಮಿನಿಟ್ಸಲ್ಲಿ ಮೂರು ಕೆಲಸ ಇದ್ವು:

5-1. ಕಿರಣ್: ಟೆರೇಸ್ ಅಳತೆ ತೆಗೆದು ನಕ್ಷೆ ಕೊಡುವುದು.
5-2. ಫಾತಿಮಾ: ಪೈಪಿಗೆ ಎರಡು ಅಂಗಡಿಯಿಂದ ಲಿಖಿತ ರೇಟ್ ತರುವುದು.
5-3. ನಾಗರಾಜ್: ಅಡುಗೆಮನೆ ಹಿಂದಿನ ಜಾಗದಲ್ಲಿ ನೆಲ ಅಗೆಯಬಹುದೇ ಎಂದು ಕೇಳಿಕೊಂಡು ಬರುವುದು.

ನಂಬರ್ ಹಾಕಿರೋ ರೀತಿ ನೋಡಿ. ಮೊದಲಿನ 5 ಅನ್ನೋದು ವಾರ, ಆಮೇಲಿಂದು ಕೆಲಸದ ಸಂಖ್ಯೆ. ಈ ನಂಬರ್ ಒಂದ್ಸಲ ಕೊಟ್ರೆ ಆ ಕೆಲಸ ಮುಗಿಯೋವರೆಗೂ ಬದಲಾಗ್ಬಾರ್ದು. 5-3 ಈ ವಾರ ಆಗಿಲ್ಲ ಅಂದ್ರೆ ಮುಂದಿನ ವಾರನೂ ಅದು 5-3 ಆಗೇ ಬರತ್ತೆ, ಹೊಸ ನಂಬರ್ ಕೊಡಲ್ಲ. ಹೀಗೆ ಮಾಡಿದ್ರೆ 8ನೇ ವಾರದ ಪಟ್ಟಿಯಲ್ಲಿ 5-3 ಇನ್ನೂ ಕೂತಿದ್ರೆ ಮೂರು ವಾರದಿಂದ ನಿಂತಿದೆ ಅಂತ ಯಾರೂ ಹೇಳದೇನೇ ಕಾಣತ್ತೆ. ಪ್ರತಿ ವಾರ 1, 2, 3 ಅಂತ ಹೊಸದಾಗಿ ಹಾಕೋರ ಪೇಪರಲ್ಲಿ ಹಳೇ ಕೆಲಸ ಹೊಸದರ ಮಧ್ಯೆ ಸೇರ್ಕೊಂಡು ಕಾಣದೇ ಹೋಗತ್ತೆ.

ಹಂತ 2: ವಿಷಯವನ್ನ ಪ್ರಶ್ನೆ ಮಾಡಿ

ಹೆಚ್ಚಿನವರ ಅಜೆಂಡಾ ಹೀಗಿರತ್ತೆ:

1. ಪ್ರಗತಿ ಪರಿಶೀಲನೆ
2. ಫಸ್ಟ್ ಫ್ಲಶ್
3. ಟ್ಯಾಂಕ್
4. ಇತರೆ

ಇದನ್ನ ಇಟ್ಕೊಂಡು ವಾರ್ಡನ್ ಸರ್ ಏನು ತಯಾರಿ ಮಾಡ್ಕೊಂಡು ಬರ್ಬೇಕು ಹೇಳಿ. "ಟ್ಯಾಂಕ್" ಅಂದ್ರೆ ಎಷ್ಟು ದೊಡ್ಡದು ಅಂತಾನೋ, ಎಲ್ಲಿಡೋದು ಅಂತಾನೋ, ದುಡ್ಡು ಯಾರು ಕೊಡೋದು ಅಂತಾನೋ? ಒಂದೇ ಪದ ಬರೆದ್ರೆ ಮೀಟಿಂಗಲ್ಲಿ ಆ ಪದದ ಸುತ್ತ ಎಲ್ಲರೂ ಅವರವರಿಗೆ ತೋಚಿದ್ದು ಮಾತಾಡ್ತಾರೆ, ಟೈಮ್ ಆಗೋಗತ್ತೆ.

ಅದರ ಬದ್ಲು ಆ ವಿಷಯದಲ್ಲಿ ಈ ಮೀಟಿಂಗಿಂದ ಯಾವ ಪ್ರಶ್ನೆಗೆ ಉತ್ತರ ಬೇಕೋ ಅದನ್ನೇ ಬರೀರಿ. "ಫಸ್ಟ್ ಫ್ಲಶ್" ಅನ್ನೋ ಬದ್ಲು "ಮೊದಲ ಮಳೆಯ ಎಷ್ಟು ಮಿಲಿಮೀಟರ್ ನೀರನ್ನು ಹೊರಗೆ ಬಿಡಬೇಕು, 1 ಅಥವಾ 2?" ಅಂತ. ಫಸ್ಟ್ ಫ್ಲಶ್ ಗೊತ್ತಿಲ್ಲದವರಿಗೆ: ಮಳೆ ಶುರುವಾದಾಗ ಮೊದಲು ಬರೋ ನೀರು ಟೆರೇಸಿನ ಧೂಳು, ಎಲೆ, ಹಕ್ಕಿ ಹಿಕ್ಕೆ ಎಲ್ಲ ತೊಳ್ಕೊಂಡು ಬರತ್ತೆ, ಅದನ್ನ ಟ್ಯಾಂಕಿಗೆ ಬಿಡದೆ ಬೇರೆ ಡ್ರಮ್ಮಿಗೋ ಪೈಪಿಗೋ ತಿರುಗಿಸ್ತಾರೆ, ಅದಕ್ಕೆ ಆ ಹೆಸರು.

ಪ್ರಶ್ನೆ ಮಾಡೋಕೆ ಆಗ್ತಿಲ್ಲ ಅಂದ್ರೆ ಆ ವಿಷಯ ಮೀಟಿಂಗಿಗೆ ಬೇಕಾಗೇ ಇಲ್ಲ ಅಂತ ಅರ್ಥ. ಬರೀ ಮಾಹಿತಿ ತಿಳಿಸೋದಾದ್ರೆ ಅಜೆಂಡಾ ಜೊತೆ ಎರಡು ಸಾಲು ಬರೆದು ಕಳಿಸಿ. ಐದು ಜನರ ಹತ್ತತ್ತು ನಿಮಿಷ ಯಾಕೆ ತಗೋಬೇಕು?

ಹಂತ 3: ನಿಮಿಷ ಹಂಚಿ, ಕೊನೇ ಐದು ನಿಮಿಷ ಮುಟ್ಟಬೇಡಿ

45 ನಿಮಿಷದಲ್ಲಿ ನಿರ್ಧಾರ ಮಾಡ್ಬೇಕಾದ ಪ್ರಶ್ನೆ ಎರಡಿದ್ರೆ ಆರಾಮ, ಮೂರಾದ್ರೆ ಒದ್ದಾಟ. ನಮ್ಮ ಕೇಸಿಗೆ ಎರಡೇ ಇಟ್ಕೊಂಡಿದೀವಿ. ಪೈಪಿನ ರೇಟ್ ವಿಚಾರ ಇತ್ತು, ಆದ್ರೆ ಎರಡನೇ ಅಂಗಡಿ ರೇಟ್ ಬಂದಿರೋ ಗ್ಯಾರಂಟಿ ಇಲ್ಲ, ಒಂದೇ ರೇಟ್ ಇಟ್ಕೊಂಡು ಯಾವ ಅಂಗಡಿ ಅಂತ ನಿರ್ಧಾರ ಮಾಡೋಕಾಗಲ್ಲ, ಹಾಗಾಗಿ ಬಿಟ್ವಿ. ಏನನ್ನ ಬಿಡ್ಬೇಕು ಅಂತ ಯೋಚಿಸಿರೋದು ಅಜೆಂಡಾದಲ್ಲಿ ಕಾಣತ್ತೆ, ನಾನು ಮಾರ್ಕ್ಸ್ ಕೊಡೋವಾಗ ಅದನ್ನೂ ನೋಡ್ತೀನಿ.

ಕೊನೇ ಐದು ನಿಮಿಷ ಕೆಲಸಗಳನ್ನ ಜೋರಾಗಿ ಓದೋಕೆ. ಇದ್ಯಾಕೆ ಅಂತ 6ನೇ ಹಂತದಲ್ಲಿ ಗೊತ್ತಾಗತ್ತೆ.

ಅಜೆಂಡಾ ಪೂರ್ತಿ ಹೀಗೆ ಬರತ್ತೆ:

ಮಳೆನೀರು ಪ್ರಾಜೆಕ್ಟ್, 6ನೇ ವಾರದ ರಿವ್ಯೂ
6-3-2025, ಗುರುವಾರ, ಸಂಜೆ 4.00ರಿಂದ 4.45, ಗೈಡ್ ಅವರ ಕೊಠಡಿ
ಬರುವವರು: ಗೈಡ್, ಸಹನಾ, ಕಿರಣ್, ಫಾತಿಮಾ, ನಾಗರಾಜ್. ವಿಷಯ 2 ಮತ್ತು 3ಕ್ಕೆ ವಾರ್ಡನ್ (4.10ಕ್ಕೆ ಬಂದರೆ ಸಾಕು). ಮಿನಿಟ್ಸ್ ಬರೆಯುವವರು: ಸಹನಾ.

1. ಹಿಂದಿನ ಕೆಲಸಗಳು 5-1, 5-2, 5-3: ಮುಗಿದಿದೆಯೇ, ಇಲ್ಲವಾದರೆ ಏನು ಬಾಕಿ? (10 ನಿಮಿಷ)
2. ಮೊದಲ ಮಳೆಯ ಎಷ್ಟು ಮಿಲಿಮೀಟರ್ ನೀರನ್ನು ಹೊರಗೆ ಬಿಡಬೇಕು, 1 ಅಥವಾ 2? ಇಂದೇ ನಿರ್ಧಾರ ಬೇಕು. ವಿವರ ಹೇಳುವವರು ಕಿರಣ್. ಟೆರೇಸ್ ನಕ್ಷೆ ಜೊತೆಗಿದೆ. (15 ನಿಮಿಷ)
3. ಟ್ಯಾಂಕ್ ಎಲ್ಲಿ: ಅಡುಗೆಮನೆ ಹಿಂದೆ ನೆಲದೊಳಗೋ, ಮೆಟ್ಟಿಲ ಪಕ್ಕ ನೆಲದ ಮೇಲೋ? ವಿವರ ಹೇಳುವವರು ನಾಗರಾಜ್. (15 ನಿಮಿಷ)
4. ಇಂದಿನ ಕೆಲಸಗಳನ್ನು ಓದಿ ಒಪ್ಪಿಕೊಳ್ಳುವುದು. (5 ನಿಮಿಷ)

ವಾರ್ಡನ್ ಸರ್‌ಗೆ 4.10 ಅಂತ ಬರೆದಿರೋದು ಗಮನಿಸಿ. ಅವರಿಗೆ ಸಂಬಂಧ ಇಲ್ಲದ ಹತ್ತು ನಿಮಿಷ ಕೂರಿಸಿದ್ರೆ ಮುಂದಿನ ಸಲ ಕರೆದಾಗ "ನೀವೇ ಮಾಡ್ಕೊಳ್ಳಿ" ಅಂದ್ಬಿಡ್ತಾರೆ. "ಇತರೆ" ಅನ್ನೋ ಸಾಲು ನಾನು ಬೇಕು ಅಂತಾನೇ ಹಾಕಿಲ್ಲ. ವಾರದ ಮೀಟಿಂಗಲ್ಲಿ ಹೊಸ ವಿಷಯ ಬಂದ್ರೆ ಒಂದು ಸಾಲು ಬರ್ಕೊಂಡು ಮುಂದಿನ ವಾರಕ್ಕೆ ತಳ್ಳಬಹುದು, ಏಳು ದಿನ ತಾನೆ. ವರ್ಷಕ್ಕೊಮ್ಮೆ ಸೇರೋ ಸಭೆಗೆ "ಇತರೆ" ಬೇಕು, ಅಲ್ಲಿ ಬಿಟ್ರೆ ಇನ್ನೊಂದು ವರ್ಷ ಕಾಯ್ಬೇಕು.

ಇದನ್ನ ಮಂಗಳವಾರ ಸಂಜೆನೇ ಕಳಿಸ್ಬೇಕು. ಗುರುವಾರ ಬೆಳಗ್ಗೆ ಕಳಿಸಿದ್ರೆ ನಕ್ಷೆ ಯಾರೂ ಓದಿರಲ್ಲ, 15 ನಿಮಿಷದಲ್ಲಿ ಎಂಟು ನಿಮಿಷ ನಕ್ಷೆ ನೋಡೋದಕ್ಕೇ ಆಗತ್ತೆ.

ಹಂತ 4: ಮೀಟಿಂಗಲ್ಲಿ ಏನನ್ನ ಬರ್ಕೋಬೇಕು

ಈಗ ಎರಡನೇ ಭಾಗ. ವಿಷಯ 2ಕ್ಕೆ ಕೊಟ್ಟಿರೋ ಮಾತು ಇದು, ಪೂರ್ತಿ ಓದಿ:

ಕಿರಣ್: ಮೇಡಂ, ಟೆರೇಸ್ 25 ಮೀಟರ್‌ಗೆ 16 ಮೀಟರ್ ಇದೆ, 400 ಚದರ ಮೀಟರ್ ಆಯ್ತು. 1 ಮಿಲಿಮೀಟರ್ ಮಳೆ ಬಂದ್ರೆ 400 ಲೀಟರ್.
ಫಾತಿಮಾ: ಮೇಡಂ, ಅಲ್ಲಿ ಪಾರಿವಾಳ ಜಾಸ್ತಿ, ತುಂಬಾ ಗಲೀಜಿದೆ. 2 ಮಿಲಿಮೀಟರ್ ಬಿಡೋಣ.
ಕಿರಣ್: 2 ಅಂದ್ರೆ 800 ಲೀಟರ್ ಆಗತ್ತೆ, ಅಷ್ಟನ್ನ ಹಿಡಿಯೋದು ಎಲ್ಲಿ? 6 ಇಂಚಿನ ಪೈಪಲ್ಲಿ ಮೀಟರಿಗೆ 18 ಲೀಟರ್ ಹತ್ರ ಅಷ್ಟೇ ಹಿಡಿಯತ್ತೆ.
ಸಹನಾ: ಸರ್, ಈ ನೀರು ಕುಡಿಯೋಕೆ ಬಳಸ್ತೀರಾ?
ವಾರ್ಡನ್: ಇಲ್ಲಮ್ಮ, ಕುಡಿಯೋಕಲ್ಲ. ಬಟ್ಟೆಗೆ, ಟಾಯ್ಲೆಟ್ಟಿಗೆ.
ಮೇಡಂ: ಹಂಗಾದ್ರೆ 1 ಸಾಕು. ಆದ್ರೆ ಮಳೆಗಾಲಕ್ಕೆ ಮುಂಚೆ ಟೆರೇಸ್ ಗುಡಿಸಿ ತೊಳೆದಿರ್ಬೇಕು.
ಫಾತಿಮಾ: ಆಯ್ತು ಮೇಡಂ.
ಕಿರಣ್: 500 ಲೀಟರಿನ ಒಂದು ಡ್ರಮ್ ಇಟ್ರೆ ಆಯ್ತು. ರೇಟ್ ವಿಚಾರಿಸ್ತೀವಿ.
ವಾರ್ಡನ್: ಗುಡಿಸೋದು ಮಾಡ್ಸೋಣ ಬಿಡಿ.

ಇದನ್ನ ಕೇಳಿಸ್ಕೊಂಡಾಗ ಎಲ್ಲ ತೀರ್ಮಾನ ಆಯ್ತು ಅಂತ ಅನ್ಸತ್ತೆ. ಆದ್ರೆ ಪೆನ್ನು ಹಿಡಿದು ಕೂತ್ರೆ ಮೂರು ಕಡೆ ತೂತು ಕಾಣತ್ತೆ.

ಒಂದು, ಫಾತಿಮಾ ಹೇಳಿದ "ಆಯ್ತು ಮೇಡಂ". ನಮ್ಮ ಮಾತಲ್ಲಿ ಆಯ್ತು ಅಂದ್ರೆ ಒಪ್ಪಿದೆ ಅಂತಾನೂ ಹೌದು, ಮುಗೀತು ಅಂತಾನೂ ಹೌದು, ನಾನು ಮಾಡ್ತೀನಿ ಅಂತಾನೂ ಹೌದು. ಇಲ್ಲಿ ಫಾತಿಮಾ 1 ಮಿಲಿಮೀಟರ್ ಒಪ್ಕೊಂಡ್ಳಾ, ಟೆರೇಸ್ ಗುಡಿಸೋದನ್ನ ನೋಡ್ಕೋತೀನಿ ಅಂದ್ಳಾ? ಮೇಡಂ ಎರಡನೇ ಅರ್ಥದಲ್ಲಿ ತಗೊಂಡಿರಬಹುದು, ಫಾತಿಮಾ ಮೊದಲನೇ ಅರ್ಥದಲ್ಲಿ ಹೇಳಿರಬಹುದು.

ಎರಡು, "ವಿಚಾರಿಸ್ತೀವಿ". ಕನ್ನಡದಲ್ಲಿ ಕರ್ತೃ ಹೇಳದೇನೇ ವಾಕ್ಯ ಮುಗಿಸಬಹುದು, ಕೊನೇ "ವಿ" ಅನ್ನೋದ್ರಲ್ಲೇ ನಾವು ಬಂದ್ಬಿಡತ್ತೆ. ಆ ನಾವು ಯಾರು? ಕಿರಣ್ ಒಬ್ಬನಾ, ರೇಟ್ ತರ್ತಿರೋ ಫಾತಿಮಾನೂ ಸೇರಿಯಾ?

ಮೂರು, "ಮಾಡ್ಸೋಣ ಬಿಡಿ". ಇದು ಇನ್ನೂ ಕಷ್ಟ. ಮಾಡೋರೂ ಗೊತ್ತಿಲ್ಲ, ಮಾಡ್ಸೋರೂ ಗೊತ್ತಿಲ್ಲ, ಯಾವಾಗ ಅಂತಾನೂ ಇಲ್ಲ. ದೊಡ್ಡವರು "ನೋಡೋಣ", "ಮಾಡ್ಸೋಣ" ಅಂದಾಗ ತಿರುಗಿ ಕೇಳೋಕೆ ಸಂಕೋಚ ಆಗತ್ತೆ, ಅದು ನನಗೂ ಗೊತ್ತು. ಆದ್ರೆ ಮಿನಿಟ್ಸ್ ಬರೆಯೋರಿಗೆ ಕೇಳೋ ಹಕ್ಕಿದೆ, ಅದು ಅವರ ಕೆಲಸನೇ. ಕೇಳೋ ರೀತಿ ಗೌರವದಿಂದಿದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ. ಸಹನಾ ಹೀಗೆ ಕೇಳಬಹುದು: "ಸರ್, ಬರ್ಕೋತಾ ಇದೀನಿ, ಗುಡಿಸೋದಕ್ಕೆ ನಿಮ್ಮ ಹೆಸರು ಹಾಕ್ಲಾ, ಯಾವ ತಾರೀಕು ಅಂತ ಹಾಕ್ಲಿ?" ಬರ್ಕೋತಾ ಇದೀನಿ ಅನ್ನೋ ಮಾತಿಂದ ಪ್ರಶ್ನೆ ಪುಸ್ತಕದ ಕಡೆ ತಿರುಗತ್ತೆ, ಅವರ ಮೇಲೆ ಒತ್ತಡ ಹಾಕಿದ ಹಾಗೆ ಅನ್ಸಲ್ಲ.

ಅಭ್ಯಾಸದಲ್ಲಿ ಮಾತು ಕಾಗದದ ಮೇಲಿರೋದ್ರಿಂದ ನೀವು ತಿರುಗಿ ಕೇಳೋಕಾಗಲ್ಲ. ಹಾಗಂತ ಊಹೆ ಮಾಡಿ ಹೆಸರು ತುಂಬ್ಬೇಡಿ. ಉತ್ತರದ ಕೊನೇಲಿ "ಮೀಟಿಂಗಿನಲ್ಲೇ ಕೇಳಬೇಕಾಗಿದ್ದ ಪ್ರಶ್ನೆಗಳು" ಅಂತ ಮೂರು ಸಾಲು ಬರೀರಿ. ಕೊಟ್ಟಿರೋ ಮಾತಲ್ಲಿ ಬೇಕಂತಲೇ ಬಿಟ್ಟಿರೋ ತೂತುಗಳಿವು, ಕಂಡುಹಿಡಿದೋರಿಗೆ ಮಾರ್ಕ್ಸ್ ಇರತ್ತೆ. ಕೆಳಗೆ ಮುಂದುವರಿಸೋಕೆ ಸಹನಾ ಕೇಳಿದ್ಳು ಅಂತಾನೇ ಇಟ್ಕೊಳ್ಳೋಣ: ಗುಡಿಸೋದು ವಾರ್ಡನ್ ಸರ್ ಮಾಡಿಸ್ತಾರೆ, 31-3-2025ರೊಳಗೆ. ಡ್ರಮ್ ರೇಟ್ ಕಿರಣ್ ಒಬ್ಬನೇ ತರ್ತಾನೆ, 11-3-2025ಕ್ಕೆ.

ಬರ್ಕೊಳ್ಳೋವಾಗ ಪುಟನ ಮಧ್ಯಕ್ಕೆ ಒಂದು ಗೆರೆ ಎಳೀರಿ. ಎಡಗಡೆ ಮಾತಿನ ಸಾರ, ಬಲಗಡೆ ನಿರ್ಧಾರ ಮತ್ತೆ ಕೆಲಸ ಮಾತ್ರ. ಎಡಗಡೆ ಅಕ್ಷರ ಹೇಗಿದ್ರೂ ನಡೆಯತ್ತೆ. ಹತ್ತು ನಿಮಿಷ ಮಾತಾಡಿ ಬಲಗಡೆ ಖಾಲಿಯಿದ್ರೆ ವಿಷಯ ಎಲ್ಲೋ ದಾರಿ ತಪ್ಪಿದೆ ಅಂತ ಬರೀತಾ ಇರೋರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗತ್ತೆ. ಆಗ ಅಜೆಂಡಾದಲ್ಲಿರೋ ಪ್ರಶ್ನೆನ ಇನ್ನೊಂದ್ಸಲ ಓದಿ ಹೇಳಿ, ಸಾಕು.

ಹಂತ 5: "ಮಾಡಲಾಗುವುದು" ಬಿಡಿ

ಇದೇ ಈ ಅಭ್ಯಾಸದ ಮುಖ್ಯ ಜಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಮಾತಲ್ಲಿ ಕರ್ತೃ ಬಿಟ್ಟುಹೋಗೋದು ಒಂದು ಕಷ್ಟ ಆದ್ರೆ, ಬರೆಯೋಕೆ ಕೂತಾಗ ಇನ್ನೊಂದು ಕಷ್ಟ. ಪೆನ್ನು ಹಿಡಿದ ತಕ್ಷಣ ನಮ್ಮ ಕೈಗೆ ಸರ್ಕಾರಿ ಕನ್ನಡ ಬಂದ್ಬಿಡತ್ತೆ. "ಟೆರೇಸನ್ನು ಸ್ವಚ್ಛಗೊಳಿಸಲಾಗುವುದು. ಡ್ರಮ್ಮಿನ ದರವನ್ನು ವಿಚಾರಿಸಲಾಗುವುದು. ಫಸ್ಟ್ ಫ್ಲಶ್ ಬಗ್ಗೆ ವಿವರವಾಗಿ ಚರ್ಚಿಸಲಾಯಿತು." ಓದೋಕೆ ಗಂಭೀರವಾಗಿದೆ, ಆದ್ರೆ ಒಂದರಲ್ಲೂ ಮನುಷ್ಯರಿಲ್ಲ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಮಿನಿಟ್ಸಲ್ಲಿ "ವಿದ್ಯುತ್ ಸಂಪರ್ಕಕ್ಕೆ ಅರ್ಜಿ ಸಲ್ಲಿಸಲಾಗುವುದು" ಅಂತಿತ್ತು. ಇಬ್ಬರಿದ್ರು, ಇಬ್ಬರೂ ಇನ್ನೊಬ್ಬರು ಹಾಕ್ತಾರೆ ಅಂತ ನಂಬಿ ಕೂತಿದ್ರು, ಮೂರು ವಾರ ಆದ್ಮೇಲೆ ಗೊತ್ತಾಗಿದ್ದು ಅರ್ಜಿನೇ ಹೋಗಿಲ್ಲ ಅಂತ. ಮಿನಿಟ್ಸ್ ತೆಗೆದು ನೋಡಿದ್ರೆ ಅದರಲ್ಲಿ ಯಾರ ತಪ್ಪೂ ಇಲ್ಲ, ಯಾಕಂದ್ರೆ ಯಾರ ಹೆಸರೂ ಇಲ್ಲ.

ನಿಯಮ ಹೀಗಿಟ್ಕೊಳ್ಳಿ. ನಿರ್ಧಾರಕ್ಕೆ "ತೀರ್ಮಾನಿಸಲಾಯಿತು" ಬಳಸಬಹುದು, ಅದು ಎಲ್ಲರೂ ಸೇರಿ ಮಾಡಿದ್ದು. ಕೆಲಸಕ್ಕೆ ಮಾತ್ರ ಬಳಸಬಾರದು, ಅಲ್ಲಿ ವಾಕ್ಯ ಹೆಸರಿಂದಾನೇ ಶುರುವಾಗ್ಬೇಕು. ಹೆಸರು ಒಂದೇ ಇರ್ಬೇಕು. ಇಬ್ಬರು ಸೇರಿ ಮಾಡೋದಾದ್ರೂ ಉತ್ತರ ಕೊಡೋರು ಒಬ್ಬರು. "ಟೀಮ್" ಅಂತ ಬರೆದ್ರೆ ಯಾರೂ ಇಲ್ಲ ಅಂತಾನೇ ಲೆಕ್ಕ.

ಹೆಸರಾದ್ಮೇಲೆ ಏನು ಅನ್ನೋದು. ಅಲ್ಲಿ ಕೈಗೆ ಸಿಗೋ ವಸ್ತು ಬರೀರಿ. "ಡ್ರಮ್ ಬಗ್ಗೆ ವಿಚಾರಿಸುವುದು" ಅಂದ್ರೆ ಒಂದು ಫೋನ್ ಮಾಡಿದ್ರೂ ವಿಚಾರಿಸಿದ ಹಾಗೇ ಆಯ್ತು. "500 ಲೀಟರ್ ಡ್ರಮ್ಮಿಗೆ ಎರಡು ಅಂಗಡಿಯ ಲಿಖಿತ ರೇಟ್" ಅಂದ್ರೆ ಕಾಗದ ಟೇಬಲ್ ಮೇಲೆ ಇದೆಯೋ ಇಲ್ವೋ ಅಷ್ಟೇ, ವಾದ ಇಲ್ಲ. "ಆಲ್ಮೋಸ್ಟ್ ಆಗಿದೆ ಮೇಡಂ" ಅನ್ನೋಕೂ ಜಾಗ ಸಿಗಲ್ಲ.

ಕೊನೇದು ತಾರೀಕು. "ಮುಂದಿನ ಗುರುವಾರ" ಬರೀಬೇಡಿ. ಗುರುವಾರದ ದಿನ ಕೂತು ಮುಂದಿನ ಗುರುವಾರ ಅಂದ್ರೆ ಕೆಲವರಿಗೆ 13, ಕೆಲವರಿಗೆ 20. "ಆದಷ್ಟು ಬೇಗ" ಅನ್ನೋದಂತೂ ತಾರೀಕೇ ಅಲ್ಲ. ಮುಂದಿನ ಮೀಟಿಂಗ್ ದಿನವನ್ನೇ ಗಡುವು ಮಾಡೋದೂ ಅಷ್ಟು ಒಳ್ಳೇದಲ್ಲ, ಎರಡು ದಿನ ಮುಂಚೆ ಹಾಕಿ. ಹಂಗಾದ್ರೆ ಅಜೆಂಡಾ ಬರೆಯೋ ಮಂಗಳವಾರದ ಹೊತ್ತಿಗೆ ಯಾವುದು ಆಗಿದೆ, ಯಾವುದು ಆಗಿಲ್ಲ ಅಂತ ಗೊತ್ತಿರತ್ತೆ.

ಹಂತ 6: ತೀರ್ಮಾನ ಆಗದಿದ್ದನ್ನೂ, ಬರದೇ ಇದ್ದವರನ್ನೂ ಹೇಗೆ ಬರೆಯೋದು

ವಿಷಯ 3ರಲ್ಲಿ ಆದದ್ದಿಷ್ಟು. ಅಡುಗೆಮನೆ ಹಿಂದೆ ಎಲ್ಲೋ ಒಂದು ಡ್ರೈನೇಜ್ ಪೈಪ್ ಹೋಗಿದೆ, ಎಲ್ಲಿ ಅಂತ ಸರಿಯಾಗಿ ಗೊತ್ತಿಲ್ಲ ಅಂತ ವಾರ್ಡನ್ ಸರ್ ಅಂದ್ರು. ನೆಲದೊಳಗಿನ ಟ್ಯಾಂಕ್ ಪಕ್ಕದಲ್ಲೇ ಡ್ರೈನೇಜ್ ಇದ್ರೆ ಲೀಕಾದ ದಿನ ಗಲೀಜು ನೀರು ಒಳಗೆ ಸೇರತ್ತೆ, ಮೊದಲು ಅದು ಎಲ್ಲಿದೆ ಅಂತ ತಿಳ್ಕೊಳ್ಳಿ ಅಂತ ಮೇಡಂ ಅಂದ್ರು. ಇದನ್ನ ಕೇಳಿಕೊಂಡು ಬರೋ ಕೆಲಸ ನಾಗರಾಜಂದು, ಅದೇ 5-3, ಅವನು ಬಂದಿಲ್ಲ. ಯಾರೋ ಅಂದ್ರು, "ನಾಗರಾಜನೇ ಮೇಂಟೆನೆನ್ಸ್ ಸೆಕ್ಷನ್ನಿಂದ ಪೈಪಿನ ನಕ್ಷೆ ತರ್ಲಿ."

ಇಲ್ಲಿ ಎರಡು ತಪ್ಪು ಆಗತ್ತೆ. "ಟ್ಯಾಂಕ್ ಸ್ಥಳದ ಬಗ್ಗೆ ಚರ್ಚಿಸಲಾಯಿತು" ಅಂತ ಬರೆದು ಮುಗಿಸ್ತಾರೆ, ಓದೋರಿಗೆ ತೀರ್ಮಾನ ಆಯ್ತಾ ಇಲ್ವಾ ಅಂತಾನೇ ಗೊತ್ತಾಗಲ್ಲ. ಆಗಿಲ್ಲ ಅಂದ್ರೆ ಆಗಿಲ್ಲ ಅಂತಾನೇ ಬರೀರಿ, ಯಾಕೆ ಆಗಿಲ್ಲ, ಏನು ಸಿಕ್ಕಿದ್ರೆ ಆಗತ್ತೆ, ಯಾವತ್ತು ಮತ್ತೆ ತಗೋತೀವಿ ಅಂತ.

ಎರಡನೇ ತಪ್ಪು, ಬರದೇ ಇದ್ದವನ ತಲೆ ಮೇಲೆ ಕೆಲಸ ಹಾಕಿ ಸುಮ್ನಾಗೋದು. ನಾಗರಾಜ್ ಊರಿಗೆ ಹೋಗಿದ್ರೆ? ಅವನಿಗೆ ಇದು ಗೊತ್ತಾಗೋದೇ ಮಿನಿಟ್ಸ್ ಓದಿದ್ಮೇಲೆ, ಓದಿದ್ರೆ. ಹಾಗಾಗಿ ಇಂಥ ಕಡೆ ತಾತ್ಕಾಲಿಕವಾಗಿ ಅಲ್ಲಿದ್ದವರೊಬ್ಬರ ಹೆಸರು ಹಾಕ್ಬೇಕು. "ಸಹನಾ ಇಂದು ರಾತ್ರಿಯೊಳಗೆ ನಾಗರಾಜ್ ಜೊತೆ ಫೋನಿನಲ್ಲಿ ಮಾತಾಡುವುದು" ಅಂತ. ಅವನು ಒಪ್ಪಿದ್ಮೇಲೆ 5-3 ಮತ್ತೆ ಅವನ ಹೆಸರಲ್ಲೇ ಹೊಸ ತಾರೀಕಿನ ಜೊತೆ ಹೋಗತ್ತೆ.

ಕೊನೇ ಐದು ನಿಮಿಷದಲ್ಲಿ ಸಹನಾ ಬಲಗಡೆ ಕಾಲಂ ಮಾತ್ರ ಜೋರಾಗಿ ಓದ್ತಾಳೆ. ಎಲ್ಲರೂ ಅವರವರ ಹೆಸರು ಕಿವಿಯಾರೆ ಕೇಳ್ತಾರೆ. "ಏ, ನಾನು ಹಂಗಂದಿಲ್ಲ" ಅನ್ನೋದಿದ್ರೆ ಅಲ್ಲೇ ಬರತ್ತೆ, ಎರಡು ದಿನ ಆದ್ಮೇಲೆ ಗ್ರೂಪಲ್ಲಿ ಬರೋದಿಲ್ಲ.

ಹಂತ 7: ಮಿನಿಟ್ಸ್ ಬರೆಯೋದು

ಮೀಟಿಂಗ್ ಮುಗಿದು ಒಂದು ದಿನದೊಳಗೆ ಬರೀರಿ. ಎಡಗಡೆ ಗೀಚಿರೋದು ಆವತ್ತು ರಾತ್ರಿ ಅರ್ಥ ಆಗತ್ತೆ, ಸೋಮವಾರ ಆಗಲ್ಲ. ಕಂಪನಿಗಳ ಬೋರ್ಡ್ ಮೀಟಿಂಗಿಗೆ ಕಂಪನಿ ಸೆಕ್ರೆಟರಿಗಳ ಸಂಸ್ಥೆ ಮಾಡಿರೋ ಎಸ್‌ಎಸ್-1 ಅನ್ನೋ ನಿಯಮಾವಳಿ ಇದೆ, ಅದರಲ್ಲಿ ಕರಡು ಕಳಿಸೋಕೆ 15 ದಿನ, ಡೈರೆಕ್ಟರ್‌ಗಳು ಅಭಿಪ್ರಾಯ ಹೇಳೋಕೆ 7 ದಿನ, ಪುಸ್ತಕಕ್ಕೆ ಏರಿಸೋಕೆ 30 ದಿನ ಕೊಟ್ಟಿದಾರೆ. ಟೆಕ್ಸ್ಟ್ ಬುಕ್ಕಲ್ಲಿ ಅದನ್ನ ಓದಿ ಕೆಲವರು ಇಲ್ಲೂ 15 ದಿನ ಅಂತ ಬರೀತಾರೆ. ವಾರದ ರಿವ್ಯೂಗೆ ಅದು ಹೊಂದಲ್ಲ, ಅಷ್ಟರೊಳಗೆ ಇನ್ನೆರಡು ಮೀಟಿಂಗ್ ಆಗೋಗಿರತ್ತೆ. ಬೋರ್ಡ್ ಮಿನಿಟ್ಸ್ ಕಾನೂನಿನ ದಾಖಲೆ. ನಮ್ಮದು ಮುಂದಿನ ಏಳು ದಿನದ ಕೆಲಸದ ಚೀಟಿ.

ಮಾದರಿ:

ಮಳೆನೀರು ಪ್ರಾಜೆಕ್ಟ್, 6ನೇ ವಾರದ ರಿವ್ಯೂ ಮಿನಿಟ್ಸ್
6-3-2025, ಸಂಜೆ 4.00ರಿಂದ 4.45
ಹಾಜರು: ಗೈಡ್, ವಾರ್ಡನ್ (4.10ರಿಂದ), ಸಹನಾ, ಕಿರಣ್, ಫಾತಿಮಾ. ಗೈರು: ನಾಗರಾಜ್.

1. ಹಿಂದಿನ ಕೆಲಸಗಳು
5-1 ಮುಗಿದಿದೆ. ಟೆರೇಸ್ 25 x 16 ಮೀಟರ್, 400 ಚದರ ಮೀಟರ್.
5-2 ಬಾಕಿ. ಒಂದು ಅಂಗಡಿಯ ರೇಟ್ ಬಂದಿದೆ, ಇನ್ನೊಂದು ಬರಬೇಕು. ಫಾತಿಮಾ, 10-3-2025.
5-3 ಬಾಕಿ. ವಿಷಯ 3 ನೋಡಿ.

2. ಮೊದಲ ಮಳೆಯ ಎಷ್ಟು ನೀರು ಬಿಡಬೇಕು
ನಿರ್ಧಾರ: 1 ಮಿಲಿಮೀಟರ್, ಅಂದರೆ 400 ಲೀಟರ್. ಅದಕ್ಕೆ 500 ಲೀಟರ್ ಡ್ರಮ್ ಇಡುವುದೆಂದು ತೀರ್ಮಾನಿಸಲಾಯಿತು.
ಕಾರಣ: ನೀರು ಕುಡಿಯಲು ಅಲ್ಲ, ಬಟ್ಟೆ ಮತ್ತು ಟಾಯ್ಲೆಟ್ಟಿಗೆ. ಪಾರಿವಾಳದ ಹಿಕ್ಕೆ ಹೆಚ್ಚಿರುವುದರಿಂದ 2 ಮಿಲಿಮೀಟರ್ ಬಿಡುವ ಸಲಹೆ ಬಂದಿತ್ತು. ಟೆರೇಸ್ ತೊಳೆಸುವ ಷರತ್ತಿನ ಮೇಲೆ 1 ಸಾಕೆಂದು ಒಪ್ಪಲಾಯಿತು.
6-1. ಕಿರಣ್: 500 ಲೀಟರ್ ಡ್ರಮ್ಮಿಗೆ ಎರಡು ಅಂಗಡಿಯ ಲಿಖಿತ ರೇಟ್, 11-3-2025.
6-2. ವಾರ್ಡನ್: ಟೆರೇಸ್ ಗುಡಿಸಿ ತೊಳೆಸುವುದು, 31-3-2025.

3. ಟ್ಯಾಂಕ್ ಎಲ್ಲಿ
ನಿರ್ಧಾರ ಆಗಿಲ್ಲ. ಅಡುಗೆಮನೆ ಹಿಂದಿನ ಡ್ರೈನೇಜ್ ಪೈಪ್ ಎಲ್ಲಿದೆ ಎಂದು ತಿಳಿಯಬೇಕು. 13-3-2025ರಂದು ಮತ್ತೆ ಚರ್ಚೆಗೆ.
5-3 (ಮುಂದುವರಿದಿದೆ). ನಾಗರಾಜ್: ಮೇಂಟೆನೆನ್ಸ್ ಸೆಕ್ಷನ್ನಿಂದ ಪೈಪಿನ ನಕ್ಷೆ, 11-3-2025. (ಸಹನಾ 6-3-2025ರ ರಾತ್ರಿ ಫೋನಿನಲ್ಲಿ ಕೇಳಿ ಒಪ್ಪಿಗೆ ಪಡೆದಿದ್ದಾರೆ.)

ಮುಂದಿನ ಮೀಟಿಂಗ್: 13-3-2025, ಸಂಜೆ 4.00. ತಿದ್ದುಪಡಿ ಇದ್ದರೆ 8-3-2025, ಶನಿವಾರ ಸಂಜೆಯೊಳಗೆ ತಿಳಿಸಿ.

"ಕಾರಣ" ಅನ್ನೋ ಸಾಲು ಯಾಕೆ ಬೇಕು ಅಂತ ಕೆಲವರು ಕೇಳ್ತಾರೆ. ಮೇ ತಿಂಗಳಲ್ಲಿ ಮೊದಲ ಮಳೆ ಬಂದು ಟ್ಯಾಂಕಿಗೆ ಗಲೀಜು ನೀರು ಬಂತು ಅಂದ್ಕೊಳ್ಳಿ. ಆಗ ಮಿನಿಟ್ಸ್ ತೆಗೆದ್ರೆ 1 ಮಿಲಿಮೀಟರ್ ಅನ್ನೋದು ಒಂದು ಷರತ್ತಿನ ಮೇಲೆ ನಿಂತಿತ್ತು ಅಂತ ಸಿಗತ್ತೆ, ಮೊದಲು 6-2 ಆಗಿತ್ತಾ ಅಂತ ನೋಡ್ತಾರೆ. ಆ ಸಾಲಿಲ್ಲದಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ, ಲೆಕ್ಕನೇ ತಪ್ಪು ಅಂತ ಪೂರ್ತಿ ಡಿಸೈನ್ ಬದಲಾಯಿಸೋಕೆ ಹೋಗ್ತಾರೆ. ಆದ್ರೆ ಕಾರಣದ ಸಾಲಲ್ಲಿ ಫಾತಿಮಾ ಹೆಸರು ಹಾಕಿಲ್ಲ ನೋಡಿ, "ಸಲಹೆ ಬಂದಿತ್ತು" ಅಂತಷ್ಟೇ. ಯಾರು ಏನಂದ್ರು ಅಂತ ಬರೆದ್ರೆ ಮುಂದಿನ ಸಲ ಬೇರೆ ಅಭಿಪ್ರಾಯ ಹೇಳೋಕೆ ಜನ ಹಿಂದೆಮುಂದೆ ನೋಡ್ತಾರೆ. ಕೆಲಸಕ್ಕೆ ಹೆಸರು ಕಡ್ಡಾಯ, ಅಭಿಪ್ರಾಯಕ್ಕೆ ಬೇಡ.

ವಾರ್ಡನ್ ಸರ್ ಹೆಸರಿಗೆ ಕೆಲಸ ಬರೆಯೋದು ಸರಿನಾ ಅಂತ ಇನ್ನೊಂದು ಪ್ರಶ್ನೆ ಪ್ರತಿ ಬ್ಯಾಚಲ್ಲೂ ಬರತ್ತೆ. ಅವರು ಟೇಬಲ್ ಮುಂದೆ ಒಪ್ಕೊಂಡಿದ್ರೆ ಖಂಡಿತ ಸರಿ. ಒಪ್ಕೊಂಡಿಲ್ಲ ಅಂದ್ರೆ "6-2. ಸಹನಾ: ಟೆರೇಸ್ ತೊಳೆಸಲು ವಾರ್ಡನ್ ಅವರಿಂದ ದಿನಾಂಕ ಪಡೆಯುವುದು" ಅಂತ ನಿಮ್ಮ ಕಡೆಯವರ ಹೆಸರಲ್ಲಿ ಬರೀರಿ.

ಹಂತ 8: ಕೊಡೋಕೆ ಮುಂಚೆ ಎರಡು ಪರೀಕ್ಷೆ

ಮೀಟಿಂಗಿಗೆ ಬರದೇ ಇದ್ದ ಒಬ್ಬ ಫ್ರೆಂಡಿಗೆ ನಿಮ್ಮ ಮಿನಿಟ್ಸ್ ಕೊಡಿ. ಒಂದು ನಿಮಿಷ ಓದ್ಲಿ, ಆಮೇಲೆ ಹಾಳೆ ವಾಪಸ್ ತಗೊಂಡು "ಕಿರಣ್ ಮಂಗಳವಾರ ಏನು ತರ್ಬೇಕು? ಟ್ಯಾಂಕ್ ಯಾಕೆ ನಿಂತಿದೆ?" ಅಂತ ಕೇಳಿ. ಎರಡಕ್ಕೂ ಉತ್ತರ ಬಂದ್ರೆ ಸರಿಯಿದೆ. ತಡವರಿಸಿದ್ರೆ ಅವನ ಮೇಲೆ ಹಾಕ್ಬೇಡಿ, ಆ ಸಾಲನ್ನ ತಿದ್ದಿ.

ಎರಡನೇದು, "ಲಾಗುವುದು" ಅಂತ ಎಲ್ಲೆಲ್ಲಿದೆ ಹುಡುಕಿ. ಕಂಪ್ಯೂಟರಲ್ಲಿ ಟೈಪ್ ಮಾಡಿದ್ರೆ ಹುಡುಕೋದು ಸೆಕೆಂಡಿನ ಕೆಲಸ. ಸಿಕ್ಕಿದ ಪ್ರತಿ ಕಡೆ "ಯಾರು?" ಅಂತ ಕೇಳ್ಕೊಂಡು ಹೆಸರು ಹಾಕಿ ವಾಕ್ಯ ತಿರುಗಿಸಿ.

ತಿದ್ದುಪಡಿ ಬಂದ್ರೆ ಹಳೇ ಫೈಲನ್ನ ಸದ್ದಿಲ್ಲದೆ ಬದಲಾಯಿಸ್ಬೇಡಿ, ಮೇಲೆ "8-3-2025ರಂದು ತಿದ್ದಿದೆ" ಅಂತ ಬರೆದು ಇನ್ನೊಂದ್ಸಲ ಕಳಿಸಿ, ಯಾವ ಸಾಲು ಬದಲಾಗಿದೆ ಅಂತಾನೂ ಹೇಳಿ. ಇಲ್ಲಾಂದ್ರೆ ಗ್ರೂಪಲ್ಲಿ ಎರಡು ಥರದ ಮಿನಿಟ್ಸ್ ಓಡಾಡ್ತಿರತ್ತೆ.

ಆಮೇಲೆ 11-3-2025 ಮಂಗಳವಾರ ಸಂಜೆ ಇದೇ ಹಾಳೆ ತೆಗೀರಿ. 7ನೇ ವಾರದ ಅಜೆಂಡಾದ ಮೊದಲ ಸಾಲು ಆಗಲೇ ತಯಾರಿರತ್ತೆ: "ಹಿಂದಿನ ಕೆಲಸಗಳು 5-2, 5-3, 6-1: ಮುಗಿದಿದೆಯೇ, ಇಲ್ಲವಾದರೆ ಏನು ಬಾಕಿ?" 6-2ರ ಗಡುವು 31ಕ್ಕೆ ಇರೋದ್ರಿಂದ ಅದನ್ನ ಈ ವಾರ ಕೇಳೋದು ಬೇಡ, ಪಟ್ಟಿಯಲ್ಲಿ ಇರ್ಲಿ. ಅದರ ಕೆಳಗೆ ಟ್ಯಾಂಕಿನ ಪ್ರಶ್ನೆ, ನಾಗರಾಜ್ ತಂದಿರೋ ಪೈಪ್ ನಕ್ಷೆ ಜೊತೆಗೆ. ನಕ್ಷೆ ಬಂದಿಲ್ಲ ಅಂದ್ರೆ ಆ ಪ್ರಶ್ನೆನ ಅಜೆಂಡಾದಿಂದ ತೆಗೆದು, ಈ ವಾರ ಬರೋದು ಬೇಡ ಅಂತ ವಾರ್ಡನ್ ಸರ್‌ಗೆ ಆವತ್ತೇ ಒಂದು ಫೋನ್ ಮಾಡಿ.